ವ್ಯಕ್ತಿಗಳ ಹೆಸರಿನ ರೋಗ, ನಿಯಮ, ಪ್ರಮೇಯಗಳನ್ನು ಬರೆಯುವಾಗ

ವ್ಯಕ್ತಿಯ ಹೆಸರಿನಿಂದ ಹುಟ್ಟಿದ ಪಾರಿಭಾಷಿಕ ಪದವನ್ನು ಕನ್ನಡದಲ್ಲಿ ಬರೆಯುವಾಗ, ಇಂಗ್ಲಿಷಿನ ಷಷ್ಠಿಯನ್ನು ಸೂಚಿಸುವ ಕೊನೆಯ ‘ಸ್’ ಅನ್ನು ಬಿಟ್ಟು, ಮೂಲ ಹೆಸರನ್ನಷ್ಟೇ ಉಳಿಸಿಕೊಳ್ಳಿ. 1817ರಲ್ಲಿ ನಡುಕದ ಕಾಯಿಲೆಯನ್ನು ವಿವರಿಸಿದ ವೈದ್ಯರು ಜೇಮ್ಸ್ ಪಾರ್ಕಿನ್ಸನ್ ಆದ್ದರಿಂದ ‘ಪಾರ್ಕಿನ್ಸನ್ಸ್ ಕಾಯಿಲೆ’ ಎನ್ನದೆ ‘ಪಾರ್ಕಿನ್ಸನ್ ಕಾಯಿಲೆ’ ಎಂದರೆ ಸಾಕು. ಎರಡು ನಾಮಪದಗಳನ್ನು ಅಕ್ಕಪಕ್ಕ ಇಟ್ಟರೇ ಕನ್ನಡದಲ್ಲಿ ಸಂಬಂಧ ತಿಳಿಯುತ್ತದೆ, ವಿಭಕ್ತಿ ಬೇಕೆನಿಸಿದರೆ ‘ನ್ಯೂಟನ್ನನ ನಿಯಮ’ ಎಂಬಂತೆ ನಮ್ಮದೇ ಪ್ರತ್ಯಯವಿದೆ. ಆದರೆ ಈ ಉಪಾಯವನ್ನು ಕಣ್ಣುಮುಚ್ಚಿ ಬಳಸುವಂತಿಲ್ಲ: ಸ್ಟೋಕ್ಸ್, ಬೇಯ್ಸ್ ಎಂಬ ಹೆಸರುಗಳಲ್ಲಿ ‘ಸ್’ ಹೆಸರಿನದೇ ಭಾಗವಾದ್ದರಿಂದ ‘ಬೇಯ್ ಪ್ರಮೇಯ’ ಎಂದು ಬರೆದರೆ ಥಾಮಸ್ ಬೇಯ್ಸ್ ಅವರ ಹೆಸರೇ ಕೆಡುತ್ತದೆ. ಆದಕಾರಣ ಕತ್ತರಿಸುವ ಮೊದಲು ಆ ವ್ಯಕ್ತಿಯ ಪೂರ್ಣ ಹೆಸರನ್ನು ಒಮ್ಮೆ ನೋಡಿಕೊಳ್ಳಿ. ಹಾಗೆ ನೋಡಿದಾಗಲೇ, ಲೈಮ್ ಕಾಯಿಲೆಯ ‘ಲೈಮ್’ ವ್ಯಕ್ತಿಯಲ್ಲ, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ಊರು ಎಂಬುದೂ ತಿಳಿಯುತ್ತದೆ.