ಲೇಬಲ್ ಫೋಟೊ ಅಡ್ಡ ಬಂದರೆ ಸ್ವೆಟರ್ ಉದ್ದ ಆಗುತ್ತೆ!

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯ ಅತ್ತಿಗೆ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದರು. ಮಗ ಜರ್ಮನಿಯಿಂದ ತಂದ ಉಣ್ಣೆ ಸ್ವೆಟರಿನ ಲೇಬಲ್. ಒಂದು ಚೌಕ, ಅದರೊಳಗೆ ನೆಟ್ಟಗೆ ಒಂದು ಗೆರೆ. ‘ಹಗ್ಗಕ್ಕೆ ಹಾಕಬಹುದು’ ಎಂದೆ. ಎರಡು ದಿನ ಬಿಟ್ಟು ನೋಡಿದರೆ ತೋಳು ಒಂದು ಗೇಣು ಜಾಸ್ತಿ ಉದ್ದ! ಅತ್ತಿಗೆ ಆ ಚೌಕವನ್ನಷ್ಟೇ ಕತ್ತರಿಸಿ ಕಳಿಸಿದ್ದರು, ಫೋಟೊ ಅಡ್ಡ ತಿರುಗಿತ್ತು. ಚೌಕ ಹೇಗೆ ತಿರುಗಿಸಿದರೂ ಚೌಕವೇ ಅಲ್ವಾ?

ಹಾಗಾಗಿ ಮೊದಲು ಫೋಟೊ ಸರಿಯಾಗಿ ತೆಗೆಯಿರಿ. ಲೇಬಲ್ ನುಣುಪಾಗಿರುತ್ತದೆ, ಫ್ಲ್ಯಾಶ್ ಹಾಕಿದರೆ ಹೊಳೆದು ಸಣ್ಣ ಗೆರೆಗಳು ಮಾಯ. ಕಿಟಕಿ ಹತ್ತಿರ ಎರಡು ಬೆರಳಲ್ಲಿ ಎಳೆದು ಹಿಡಿದು, ಇಡೀ ಸಾಲು ಬರುವಂತೆ ತೆಗೆಯಿರಿ.

ಆಮೇಲೆ ನೀರಿನ ಟಬ್ಬಿನ ಚಿತ್ರ ಹುಡುಕಿ. ಅದರ ಬಾಯಿ ಮೇಲಿದ್ದರೆ ಫೋಟೊ ನೆಟ್ಟಗಿದೆ. ಟಬ್ಬಿನೊಳಗಿನ ಅಂಕಿ ನೀರಿನ ಬಿಸಿಯ ಮಿತಿ. 30 ಎಂದಿದ್ದರೆ 30 ಡಿಗ್ರಿ ಮೀರಬಾರದು, ಅದಕ್ಕಿಂತ ತಣ್ಣಗಿದ್ದರೆ ತೊಂದರೆಯಿಲ್ಲ. ಕೈ ಚಿತ್ರ ಇದ್ದರೆ ಕೈಯಲ್ಲೇ ಒಗೆಯಬೇಕು. ತ್ರಿಕೋನ ಬ್ಲೀಚಿಗೆ, ಅದಕ್ಕೆ ಕಾಟು ಹೊಡೆದಿದ್ದರೆ ಬ್ಲೀಚ್ ಬೇಡ. ಇಸ್ತ್ರಿ ಪೆಟ್ಟಿಗೆಯಲ್ಲಿ ಚುಕ್ಕಿ ಹೆಚ್ಚಿದಷ್ಟೂ ಬಿಸಿ ಹೆಚ್ಚು. ವೃತ್ತ ಡ್ರೈಕ್ಲೀನ್ ಅಂಗಡಿಯವರಿಗೆ.

ಮಲೆನಾಡಿನವರು ಸರಿಯಾಗಿ ನೋಡಬೇಕಾದ್ದು ಚೌಕವನ್ನೇ. ನೆಟ್ಟಗಿನ ಒಂದು ಗೆರೆ ಎಂದರೆ ಹಗ್ಗಕ್ಕೆ ನೇತುಹಾಕಿ. ನೆಟ್ಟಗೆ ಎರಡು ಗೆರೆ ಇದ್ದರೆ ಹಿಂಡದೆ, ನೀರು ಸೋರುವಂತೆಯೇ ನೇತುಹಾಕಿ. ಅಡ್ಡ ಗೆರೆ ಎಂದರೆ ಹರಡಿ ಒಣಗಿಸಿ. ಎಡ ಮೂಲೆಯಲ್ಲಿ ಓರೆ ಗೆರೆ ಇದ್ದರೆ ನೆರಳಲ್ಲಿ. ಚೌಕದೊಳಗೆ ವೃತ್ತ ಇದ್ದರೆ ಅದು ಬಿಸಿಗಾಳಿಯ ಡ್ರೈಯರಿನ ಮಾತು.

ಅತ್ತಿಗೆಯ ಸ್ವೆಟರಿಗೆ ಇದ್ದದ್ದು ಅಡ್ಡ ಗೆರೆ. ಒದ್ದೆ ಉಣ್ಣೆ ತನ್ನ ಭಾರಕ್ಕೇ ಜಗ್ಗುತ್ತದೆ. ಇಂಥದ್ದನ್ನು ದಪ್ಪ ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಇನ್ನೊಂದು ಒಣ ಟವೆಲ್ಲಿನ ಮೇಲೆ ಆಕಾರ ಸರಿಮಾಡಿ ಹರಡಿ, ಫ್ಯಾನ್ ಹಾಕಿ. ಮೇಲ್ಭಾಗ ಒಣಗಿದ ಮೇಲೆ ಮಗುಚಿ. ಬೇಗ ಒಣಗಲಿ ಅಂತ ಬಚ್ಚಲ ಒಲೆ ಮೇಲಿನ ಗಳುವಿಗೆ ಹಾಕಬೇಡಿ. ಜಗ್ಗುವುದರ ಜೊತೆಗೆ ಹೊಗೆ ವಾಸನೆಯೂ ಹಿಡಿಯುತ್ತದೆ.

ಅಮೆರಿಕದ ಬಟ್ಟೆಯಲ್ಲಿ ಸ್ವಲ್ಪ ಬೇರೆ. ಅಲ್ಲಿ ನೇತುಹಾಕಲು ಚೌಕದ ಮೇಲಂಚಿನಿಂದ ಇಳಿಬಿದ್ದ ಕಮಾನು ಇರುತ್ತದೆ, ನೋಡಲು ಅಂಚೆ ಲಕೋಟೆಯ ಹಾಗೆ. ಟಬ್ಬಿನಲ್ಲಿ ಅಂಕಿಯ ಬದಲು ಚುಕ್ಕಿಗಳೂ ಇರಬಹುದು. ಜಪಾನಿನಲ್ಲಿ 2016ರ ಡಿಸೆಂಬರಿಗಿಂತ ಮುಂಚಿನ ಲೇಬಲ್ಲಿನಲ್ಲಿ ಚೌಕವೇ ಇಲ್ಲ, ಅಂಗಿಯ ಚಿತ್ರ ಇರುತ್ತಿತ್ತು.

ಅತ್ತಿಗೆಯ ಸ್ವೆಟರನ್ನು ಮತ್ತೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ತೋಳನ್ನು ಒತ್ತಿ ಗಿಡ್ಡ ಮಾಡಿ ಹರಡಿದೆವು. ಅರ್ಧ ಗೇಣು ವಾಪಸ್ ಬಂತು. ಉಳಿದರ್ಧವನ್ನು ಮಡಚಿಕೊಂಡು ಹಾಕುತ್ತಿದ್ದಾರೆ.