ಗಿಟಾರ್ ದನಿ ಮೊಬೈಲಿನಲ್ಲಿ ಟೊಳ್ಳಾಗಿ ಕೇಳಿದರೆ
ಶಿರಸಿ ಕಡೆ ಮಳೆ ಬಿಟ್ಟ ರಾತ್ರಿ ಫ್ಯಾನ್ ಆರಿಸಿ ರೆಕಾರ್ಡ್ ಮಾಡುವವರಿಗೆ ಒಂದು ಸಲಹೆ. ಎರಡು ಮೈಕ್ ಬಿಡಿಬಿಡಿಯಾಗಿ ಇಟ್ಟರೆ ಹೆಡ್‌ಫೋನಿನಲ್ಲಿ ದನಿ ಅಗಲವಾಗಿ, ಚೆಂದ ಕೇಳುತ್ತದೆ. ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಟೊಳ್ಳಾಗಬಹುದು. ಒಂದು ಮೈಕ್ ಇನ್ನೊಂದಕ್ಕಿಂತ 17 ಸೆಂ.ಮೀ. ಹೆಚ್ಚು ದೂರವಿದ್ದರೆ ಸದ್ದು ಅದಕ್ಕೆ ಅರ್ಧ ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಚಾನೆಲ್ ಎರಡೂ ಕೂಡಿದಾಗ 1,000 ಹರ್ಟ್ಸ್ ಸುತ್ತಲಿನ ದನಿ ಕುಗ್ಗುತ್ತದೆ.

ಗಿಟಾರಿನ ತೂತಿನ ಅಂಚಿನಿಂದ ದಾರ ಹಿಡಿದು, 12ನೇ ಫ್ರೆಟ್ ಕಡೆಯ ಮೈಕನ್ನೂ ಬ್ರಿಜ್ ಕಡೆಯದನ್ನೂ ಸಮದೂರಕ್ಕೆ, ಸುಮಾರು 40 ಸೆಂ.ಮೀ.ಗೆ ತನ್ನಿ. ಆಮೇಲೆ ಎರಡೂ ಚಾನೆಲ್ ಒಂದಾಗಿಸಿ, ಅಂದರೆ ಮೊನೊದಲ್ಲಿ, ಕೇಳಿ ನೋಡಿ.

ಪಿಟೀಲಿಗೆ ದಾರದ ಉಪಾಯ ನಡೆಯದು, ನುಡಿಸುವವರು ತೂಗಾಡುತ್ತಾರಲ್ಲ! ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಎರಡು ಕಾರ್ಡಿಯಾಯ್ಡ್ ಮೈಕ್‌ಗಳ ತಲೆ ಒಂದರ ಮೇಲೊಂದು ಬರುವಂತೆ, 90 ಡಿಗ್ರಿ ಕೋನದಲ್ಲಿ, ಪಿಟೀಲಿನಿಂದ ಒಂದು ಮೀಟರ್ ದೂರ ಇಡಿ. ಅಗಲ ಸ್ವಲ್ಪ ಕಡಿಮೆ, ದನಿ ಮಾತ್ರ ಗಟ್ಟಿ.