ಅಮೆರಿಕದ ಹಾಸ್ಟೆಲ್‌ಗೆ ಲಸಿಕೆ ದಾಖಲೆ: ಮೊದಲ ದಿನದ ಕ್ರಮ ತಪ್ಪಿದರೆ ತಿಂಗಳು ಹೋಯಿತು

ಅಮೆರಿಕದ ಹೆಚ್ಚಿನ ವಿಶ್ವವಿದ್ಯಾಲಯಗಳು ಆಗಸ್ಟ್‌ನಲ್ಲಿ ಶುರುವಾಗುತ್ತವೆ. ನಮ್ಮವರು ಲಸಿಕೆ ಫಾರ್ಮ್ ಬಿಡಿಸುವುದು ವೀಸಾ ಕೈಗೆ ಬಂದ ಮೇಲೆ, ಜುಲೈನಲ್ಲಿ. ಡೋಸ್‌ಗಳ ನಡುವಿನ ಅಂತರವನ್ನು ದುಡ್ಡು ಕೊಟ್ಟು ಕಡಿಮೆ ಮಾಡಿಸಲಾಗದು. ಆದ್ದರಿಂದ ಪ್ರವೇಶಪತ್ರ ಬಂದ ವಾರವೇ ವಿಶ್ವವಿದ್ಯಾಲಯದ ಹೆಲ್ತ್ ಸೆಂಟರ್ ಪುಟದಿಂದ ಫಾರ್ಮ್ ಇಳಿಸಿಕೊಳ್ಳಿ. ಸ್ನೇಹಿತನ ಫಾರ್ಮ್ ನೋಡಿ ಲಸಿಕೆ ಹಾಕಿಸಿಕೊಳ್ಳಬೇಡಿ. ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಮುಂದಿನ ಕೆಲಸ ತಾಯಿ ಕಾರ್ಡ್ ಹುಡುಕುವುದು. ಸಿಕ್ಕರೂ ಅದರಲ್ಲಿರುವುದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. 2007ರಲ್ಲಿ ಹುಟ್ಟಿದ ಹುಡುಗಿಯೊಬ್ಬಳ ಕಾರ್ಡ್ ಎಂದುಕೊಳ್ಳಿ. ಒಂಬತ್ತನೇ ತಿಂಗಳಲ್ಲಿ ದಡಾರದ ಚುಚ್ಚುಮದ್ದು ಆಗಿದೆ. 2017ರ ಅಭಿಯಾನದಲ್ಲಿ ಶಾಲೆಯಲ್ಲೇ ಎಂ.ಆರ್. ಲಸಿಕೆಯೂ ಬಿದ್ದಿದೆ. ಅಮೆರಿಕದವರು ಕೇಳುವುದು ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಎಂ.ಎಂ.ಆರ್.ನ ಎರಡು ಡೋಸ್. ಮೊದಲನೆಯದು ಮಗುವಿಗೆ ಒಂದು ವರ್ಷ ತುಂಬಿದ ಮೇಲೆ ಆಗಿರಬೇಕು, ಎರಡರ ನಡುವೆ ಕನಿಷ್ಠ 28 ದಿನ ಇರಬೇಕು. ಒಂಬತ್ತನೇ ತಿಂಗಳ ಡೋಸ್ ಹಾಗಾಗಿ ಹೋಯಿತು. ಎಂ.ಆರ್.ನಲ್ಲಿ ದಡಾರ, ರುಬೆಲ್ಲಾ ಇವೆ, ಮಂಗನಬಾವು ಇಲ್ಲ. ಇವಳು ಎರಡು ಎಂ.ಎಂ.ಆರ್. ಹಾಕಿಸಿಕೊಳ್ಳುವುದೇ ಸರಿ.

ಈಗ ಎಲ್ಲರೂ ಎಡವುವ ಜಾಗ. ಎಂ.ಎಂ.ಆರ್. ಮತ್ತು ಸೀತಾಳೆ ಸಿಡುಬಿನ ಲಸಿಕೆ ಎರಡರಲ್ಲೂ ಜೀವಂತ ವೈರಸ್ ಇರುತ್ತದೆ. ಇವನ್ನು ಒಂದೇ ದಿನ ಕೊಡಬಹುದು. ಅದು ತಪ್ಪಿದರೆ 28 ದಿನ ಕಾಯಬೇಕು. ಇವತ್ತೊಂದು, ಮುಂದಿನ ಸೋಮವಾರ ಇನ್ನೊಂದು ಎಂದರೆ ಎರಡನೆಯದನ್ನು ಅಮಾನ್ಯ ಮಾಡುತ್ತಾರೆ. ಜೀವಂತ ಲಸಿಕೆ ಟಿ.ಬಿ. ಪರೀಕ್ಷೆಯ ಫಲಿತಾಂಶವನ್ನೂ ಕೆಲವು ವಾರ ಮಂಕಾಗಿಸುತ್ತದೆ. ಆದ್ದರಿಂದ ಮೊದಲ ದಿನ ಮೊದಲು ರಕ್ತ, ಆಮೇಲೆ ಸೂಜಿ.

ಮಾರ್ಚ್ 1ರಂದು ಅವಳು ಲ್ಯಾಬ್‌ನಲ್ಲಿ ಟಿ.ಬಿ.ಯ ಇಗ್ರಾ ಪರೀಕ್ಷೆಗೆ ರಕ್ತ ಕೊಟ್ಟು, ಅಂದೇ ಎಂ.ಎಂ.ಆರ್., ಸೀತಾಳೆ ಸಿಡುಬು, ಹೆಪಟೈಟಿಸ್ ಬಿ, ಧನುರ್ವಾಯು-ಡಿಫ್ತೀರಿಯಾ-ನಾಯಿಕೆಮ್ಮಿನ ಟಿಡ್ಯಾಪ್ ಎಲ್ಲವನ್ನೂ ಬೇರೆ ಬೇರೆ ಜಾಗದಲ್ಲಿ ಹಾಕಿಸಿಕೊಳ್ಳುತ್ತಾಳೆ. ಮಾರ್ಚ್ 29ಕ್ಕೆ 28 ದಿನ. ಒಂದೆರಡು ದಿನ ತಡವಾದರೂ ಚಿಂತೆಯಿಲ್ಲ, ಒಂದು ದಿನವೂ ಮೊದಲು ಬೇಡ. ಅಂದು ಮೊದಲ ಮೂರರ ಎರಡನೇ ಡೋಸ್. ಹೆಪಟೈಟಿಸ್ ಬಿ ಮೂರನೇ ಡೋಸ್‌ಗೆ ಮಾಮೂಲಿ ಲೆಕ್ಕ ಆರು ತಿಂಗಳು. ಅವಸರವಿದ್ದರೆ ಮೊದಲ ಡೋಸಿನಿಂದ 16 ವಾರ, ಎರಡನೆಯದರಿಂದ 8 ವಾರ ಆಗಿದ್ದರೆ ಸಾಕು. ಇವಳಿಗೆ ಅದು ಜೂನ್ 21. ಗರ್ಭಿಣಿಯರು ಜೀವಂತ ಲಸಿಕೆ ಪಡೆಯುವಂತಿಲ್ಲ. ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ಸೇವಿಸುವವರು ವೈದ್ಯರಿಗೆ ಮೊದಲೇ ಹೇಳಬೇಕು.

ಟೆಕ್ಸಸ್‌ಗೆ ಹೋಗುವ 22 ವರ್ಷದೊಳಗಿನವರಿಗೆ ಮೆನಿಂಜೈಟಿಸ್ ಲಸಿಕೆ ಕಡ್ಡಾಯ. ಅದು ಕಳೆದ 5 ವರ್ಷದೊಳಗಿನದಾಗಿರಬೇಕು, ತರಗತಿ ಶುರುವಾಗುವ 10 ದಿನ ಮೊದಲೇ ಆಗಿರಬೇಕು. ಗಾಯವಾದಾಗ ಹಾಕಿಸಿದ ಟಿ.ಟಿ.ಯನ್ನು ಟಿಡ್ಯಾಪ್ ಎಂದು ಬರೆಸಬೇಡಿ. ಅದರಲ್ಲಿ ನಾಯಿಕೆಮ್ಮಿನ ಅಂಶವೇ ಇಲ್ಲ.

ಟಿ.ಬಿ.ಗೆ ಮಾಂಟೂ ಚರ್ಮ ಪರೀಕ್ಷೆ ಅಗ್ಗ. ಆದರೂ ಬಿ.ಸಿ.ಜಿ. ಹಾಕಿಸಿಕೊಂಡವರು ಇಗ್ರಾ ಮಾಡಿಸುವುದೇ ಲೇಸು, ಬಿ.ಸಿ.ಜಿ.ಯಿಂದ ಅದು ಪಾಸಿಟಿವ್ ಆಗುವುದಿಲ್ಲ. ಮಾಂಟೂ ಮಾಡಿಸಲೇಬೇಕಾದರೆ 48ರಿಂದ 72 ಗಂಟೆಯೊಳಗೆ ತೋರಿಸಿ. ಕೆಂಪಾದ ಭಾಗವನ್ನಲ್ಲ, ಬೆರಳಿಗೆ ಗಟ್ಟಿಯಾಗಿ ಸಿಗುವ ಊತವನ್ನು ಅಳೆದು ಮಿಲಿಮೀಟರ್‌ನಲ್ಲಿ ಬರೆಯಬೇಕು. ಊತವೇ ಇಲ್ಲದಿದ್ದರೆ ‘0 ಮಿ.ಮೀ.’ ಎಂದೇ ಬರೆಸಿ. ‘ನೆಗೆಟಿವ್’ ಎಂದಷ್ಟೇ ಬರೆದ ಚೀಟಿ ವಾಪಸ್ ಬರುತ್ತದೆ. ಯಾವ ಪರೀಕ್ಷೆಯಾದರೂ ಎಷ್ಟು ತಿಂಗಳೊಳಗಿನದು ಬೇಕೆಂದು ಫಾರ್ಮ್‌ನಲ್ಲಿ ಮೊದಲೇ ನೋಡಿಕೊಳ್ಳಿ.

ಸೀತಾಳೆ ಸಿಡುಬು ಬಂದು ಹೋದವರಿಗೆ ಲಸಿಕೆಯ ಬದಲು ರಕ್ತದಲ್ಲಿ ಪ್ರತಿಕಾಯ ತೋರಿಸಿದರೆ ಸಾಮಾನ್ಯವಾಗಿ ನಡೆಯುತ್ತದೆ. ಕೇಳಬೇಕಾದದ್ದು ಐಜಿಜಿ ಎಂಬ ಪ್ರತಿಕಾಯದ ಪರೀಕ್ಷೆ. ಐಜಿಎಂ ಇತ್ತೀಚಿನ ಸೋಂಕನ್ನು ಹೇಳುತ್ತದೆ, ಇಲ್ಲಿ ಕೆಲಸಕ್ಕೆ ಬಾರದು. ಲ್ಯಾಬ್‌ಗಳ ‘ಫಾರಿನ್ ಸ್ಟೂಡೆಂಟ್ ಪ್ಯಾಕೇಜ್’ ಬೇಡವೇ ಬೇಡ. ಫಾರ್ಮ್ ಕೇಳದ ಥೈರಾಯ್ಡ್, ವಿಟಮಿನ್ ಪರೀಕ್ಷೆಗಳೇ ಅದರಲ್ಲಿ ತುಂಬಿರುತ್ತವೆ.

ಫಿಟ್ನೆಸ್ ಸರ್ಟಿಫಿಕೇಟ್ ಸುಲಭ: ಎತ್ತರ, ತೂಕ, ಬಿ.ಪಿ., ದೃಷ್ಟಿ, ಸಹಿ. ಲೆಟರ್‌ಹೆಡ್ ಬೇಡ, ಅವರದೇ ಫಾರ್ಮ್ ತುಂಬಿಸಿ. ವೈದ್ಯರ ನೋಂದಣಿ ಸಂಖ್ಯೆ ಮತ್ತು ಸೀಲು ಓದುವಂತಿರಲಿ. ಅಪ್ಪನೋ ಅತ್ತೆಯೋ ಡಾಕ್ಟರಾಗಿದ್ದರೆ ಬೇರೆಯವರಿಂದ ಸಹಿ ಹಾಕಿಸಿ.

ದಿನಾಂಕದಲ್ಲಿ ಎಚ್ಚರ. ಅಲ್ಲಿ ತಿಂಗಳು ಮೊದಲು. ನಮ್ಮ ಡಾಕ್ಟರು 05/08 ಎಂದು ಬರೆದ ಆಗಸ್ಟ್ 5, ಅಲ್ಲಿ ಮೇ 8 ಆಗುತ್ತದೆ. 28 ದಿನದ ಲೆಕ್ಕವೆಲ್ಲ ತಲೆಕೆಳಗು. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಸಿ. ಸೀಸೆಯ ಮೇಲಿನ ಬ್ಯಾಚ್ ಸ್ಟಿಕ್ಕರ್ ಕಿತ್ತು ಕಾರ್ಡ್‌ಗೆ ಅಂಟಿಸಲು ನರ್ಸ್‌ಗೆ ಸೂಜಿಗೆ ಮುಂಚೆಯೇ ಹೇಳಿ, ಆಮೇಲೆ ಸೀಸೆ ಕಸದ ಡಬ್ಬದಲ್ಲಿರುತ್ತದೆ. ಹಳೇ ದಿನಾಂಕ ಹಾಕಿಕೊಡುವ ಏಜೆಂಟರ ಸರ್ಟಿಫಿಕೇಟ್ ಮುಟ್ಟಲೇಬೇಡಿ. ಕಾರ್ಡ್ ಇಲ್ಲದಿದ್ದರೆ ಲಸಿಕೆಯನ್ನು ಮತ್ತೆ ಹಾಕಿಸಿಕೊಳ್ಳಿ, ಎಂ.ಎಂ.ಆರ್. ಹೆಚ್ಚುವರಿ ಡೋಸ್‌ನಿಂದ ತೊಂದರೆಯಿಲ್ಲ.

ಹೊರಡುವ ಹೊತ್ತಿಗೆ ಹೆಪಟೈಟಿಸ್ ಮೂರನೇ ಡೋಸ್ ಬಾಕಿ ಉಳಿದರೆ ಅದನ್ನು ಮುಚ್ಚಿಡಬೇಡಿ. ಆದ ಎರಡನ್ನು ಅಪ್‌ಲೋಡ್ ಮಾಡಿ, ಮೂರನೆಯದರ ದಿನಾಂಕ ತಿಳಿಸಿ ಹೆಲ್ತ್ ಸೆಂಟರ್‌ಗೆ ಈಗಲೇ ಇಮೇಲ್ ಕಳಿಸಿ. ಮೂಲ ಕಾರ್ಡ್ ಚೆಕ್-ಇನ್ ಸೂಟ್‌ಕೇಸಿನಲ್ಲಿ ಬೇಡ, ಕೈಚೀಲದಲ್ಲೇ ಇರಲಿ.